ಅತ್ತೆಯ ರೂಮಿನಲ್ಲಿ ಏನೇನಿತ್ತು?

ಹೋದ ವರ್ಷ ದಾವಣಗೆರೆಯಲ್ಲಿ ನೆಂಟರ ಮದುವೆ ಮುಗಿಸಿ ನಾಲ್ಕು ದಿನದ ಮೇಲೆ ಮೈಸೂರಿಗೆ ವಾಪಸ್ ಬಂದು ಬಾಗಿಲು ತೆಗೆದರೆ, ಹಾಲ್‌ನಲ್ಲಿ ಕಾಲಿಗೆ ನೀರು ತಾಗಿತು. ಮಹಡಿಯ ಬಾತ್‌ರೂಮಿನಲ್ಲಿ ಗೀಸರ್‌ಗೆ ಹೋಗುವ ಕನೆಕ್ಷನ್ ಪೈಪ್ ಒಡೆದು, ಟ್ಯಾಂಕ್ ಖಾಲಿಯಾಗುತ್ತಾ, ತುಂಬುತ್ತಾ, ನೀರು ಎಷ್ಟು ಹೊತ್ತಿನಿಂದ ಹರಿದಿತ್ತೋ ಗೊತ್ತಿಲ್ಲ. ಆ ಬಾತ್‌ರೂಮಿನ ನೇರ ಕೆಳಗಿರುವುದೇ ಅತ್ತೆಯ ರೂಮು. ಸೀಲಿಂಗ್‌ನಿಂದ ಇಳಿದ ನೀರು ಹಾಸಿಗೆಯನ್ನು ನೆನೆಸಿ, ಬೀರುವಿನೊಳಗೆ ಹೋಗಿ, ನೆಲದ ಮೇಲೆ ನಾಲ್ಕು ಬೆರಳು ನಿಂತಿತ್ತು.

ಮನೆಗೆ ಇನ್ಶೂರೆನ್ಸ್ ಇತ್ತು. ಸಾಲ ತೆಗೆದುಕೊಳ್ಳುವಾಗ ಮಾಡಿಸಿದ್ದ 'ಭಾರತ್ ಗೃಹ ರಕ್ಷಾ' ಪಾಲಿಸಿ. ಟ್ಯಾಂಕ್ ತುಂಬಿ ಹರಿದರೆ, ಪೈಪ್ ಒಡೆದರೆ ಆಗುವ ನಷ್ಟಕ್ಕೂ ಅದರಲ್ಲಿ ಪರಿಹಾರ ಇದೆ ಅಂತ ಆವತ್ತು ರಾತ್ರಿ ಓದಿದಾಗ ನಮ್ಮವರು ಸಮಾಧಾನದ ಉಸಿರು ಬಿಟ್ಟರು. ನಾನೂ ಬಿಟ್ಟೆ. ನಿಜವಾದ ಕಷ್ಟ ಶುರುವಾಗಿದ್ದು ಮೂರನೇ ದಿನ, ಸರ್ವೇಯರ್ ಬಂದು ಕುಳಿತು ಫಾರ್ಮ್ ತೆಗೆದಾಗ.

"ಈ ರೂಮಿನಲ್ಲಿ ಏನೇನಿತ್ತು, ಯಾವಾಗ ತಗೊಂಡಿದ್ದು, ಎಷ್ಟಕ್ಕೆ, ಒಂದು ಪಟ್ಟಿ ಕೊಡಿ ಮೇಡಂ. ಬಿಲ್ ಇದ್ದರೆ ಬಿಲ್, ಇಲ್ಲದಿದ್ದರೆ ಫೋಟೋ."

ಹತ್ತು ವರ್ಷದಿಂದ ದಿನಾ ನೋಡುತ್ತಿದ್ದ ರೂಮು. ಆದರೂ ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಹಾಸಿಗೆ ಯಾವ ಕಂಪನಿಯದ್ದು? ಬೀರು ತಂದಿದ್ದು ಗೃಹಪ್ರವೇಶದ ವರ್ಷವಾ, ಅದರ ಮುಂದಿನ ವರ್ಷವಾ? ಟ್ರಂಕಿನಲ್ಲಿ ಎಷ್ಟು ಸೀರೆ ಇದ್ದವು? ಅತ್ತೆ ಬೆರಳು ಮಡಚಿ ಎಣಿಸಿದರು. ಒಮ್ಮೆ ಒಂಬತ್ತು ಬಂತು, ಇನ್ನೊಮ್ಮೆ ಹನ್ನೊಂದು.

ಅಷ್ಟರಲ್ಲಿ ನಾವು ಒಂದು ದೊಡ್ಡ ತಪ್ಪು ಬೇರೆ ಮಾಡಿಬಿಟ್ಟಿದ್ದೆವು. ವಾಸನೆ ಬರುತ್ತೆ ಅಂತ ನೆನೆದ ಕಾರ್ಪೆಟ್ಟನ್ನು ಮೊದಲ ದಿನವೇ ಕಸದ ಗಾಡಿಗೆ ಕೊಟ್ಟಾಗಿತ್ತು. ಅದರ ಫೋಟೋ ಇಲ್ಲ, ಬಿಲ್ ಇಲ್ಲ, ಈಗ ವಸ್ತುವೂ ಇಲ್ಲ. ಸರ್ವೇಯರ್ ನೋಡುವ ಮುಂಚೆ ಹಾಳಾದ ಸಾಮಾನನ್ನು ಎಸೆಯಬಾರದು. ಎಸೆಯಲೇಬೇಕಾದ ಪರಿಸ್ಥಿತಿ ಬಂದರೆ ಮೊದಲು ಇನ್ಶೂರೆನ್ಸ್‌ನವರಿಗೆ ತಿಳಿಸಿ, ನಾಲ್ಕು ಕಡೆಯಿಂದ ಫೋಟೋ ತೆಗೆದು, ಒಂದು ತುಂಡನ್ನಾದರೂ ಇಟ್ಟುಕೊಳ್ಳಬೇಕು. ಇದನ್ನು ನಮಗೆ ಹೇಳಿದ್ದು ಆ ಸರ್ವೇಯರ್ರೇ, ಬೇಜಾರಿನಿಂದಲೇ.

ಮುಂದಿನ ಒಂದು ವಾರ ನಮ್ಮ ಮನೆಯಲ್ಲಿ ಪತ್ತೇದಾರಿ ಕೆಲಸ. ಇಮೇಲ್‌ನಲ್ಲಿ invoice ಅಂತ ಹುಡುಕಿ ಹಾಸಿಗೆಯ ಬಿಲ್ ಹಿಡಿದೆ. ಬೀರು ತಂದ ಅಂಗಡಿ ಮುಚ್ಚಿಹೋಗಿತ್ತು, ಆದರೆ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಆ ಅಂಗಡಿಗೆ ಕಾರ್ಡ್ ಉಜ್ಜಿದ ಸಾಲು ಸಿಕ್ಕಿತು. ಮಗಳ ಮೂರನೇ ಹುಟ್ಟುಹಬ್ಬದ ಫೋಟೋದಲ್ಲಿ ಕೇಕಿನ ಹಿಂದೆ ಅದೇ ಬೀರು ನಿಂತಿತ್ತು. ಸೀರೆಗಳ ವಿಷಯದಲ್ಲಿ ನಮ್ಮನ್ನು ಕಾಪಾಡಿದ್ದು ತೀರಿಕೊಂಡ ಮಾವ. ಅವರು ಹೈಸ್ಕೂಲ್ ಮೇಷ್ಟ್ರಾಗಿದ್ದವರು, ದಿನದ ಖರ್ಚನ್ನು ಡೈರಿಯಲ್ಲಿ ಬರೆಯದೆ ಮಲಗುತ್ತಿರಲಿಲ್ಲವಂತೆ. ಹಳೇ ಡೈರಿಗಳಲ್ಲಿ 'ಮೈಸೂರು ಸಿಲ್ಕ್, 1' ಅಂತ ಬರೆದು, ಪಕ್ಕದಲ್ಲಿ ರೇಟು ಹಾಕಿ, ದಿನಾಂಕ ಇದ್ದ ಪುಟಗಳು ಮೂರು ಸಿಕ್ಕಿದವು. ಕೆಎಸ್‌ಐಸಿಯ ಮೈಸೂರು ಸಿಲ್ಕ್ ಸೀರೆಗಳ ಮೇಲೆ ಒಂದೊಂದಕ್ಕೂ ಬೇರೆ ಬೇರೆ ನಂಬರ್ ಇರುತ್ತದಲ್ಲ, ಅದನ್ನು ತೋರಿಸಿ ಡೈರಿಯ ಪುಟವನ್ನೂ ಪಕ್ಕದಲ್ಲಿಟ್ಟೆವು. ಇನ್ನೆರಡು ಸೀರೆಗೆ ಬಿಲ್ ಇತ್ತು.

ಲೆಕ್ಕ ಹೀಗಾಯಿತು. ನಾವು ಕೇಳಿದ್ದು 1,28,000 ರೂಪಾಯಿ. ಹಾಸಿಗೆಗೆ 19,000, ಬೀರುವಿಗೆ 27,000 ಪೂರ್ತಿ ಸಿಕ್ಕಿತು. ಹೊಲಿಗೆ ಮೆಷಿನ್‌ಗೆ ಹೊಸದರ ಬೆಲೆ 12,000 ಕೇಳಿದ್ದೆವು, ಮೋಟಾರ್ ರಿಪೇರಿಗೆ ತಗಲುವ 3,500 ಕೊಟ್ಟರು. ಅದು ನ್ಯಾಯವೇ, ಈಗಲೂ ಮೆಷಿನ್ ಓಡುತ್ತಿದೆ. ಹನ್ನೊಂದು ಸೀರೆಗೆ 62,000 ಕೇಳಿದ್ದರಲ್ಲಿ ದಾಖಲೆ ಇದ್ದ ಐದಕ್ಕೆ 34,000, ಉಳಿದ ಆರಕ್ಕೆ ಎಲ್ಲ ಸೇರಿ 9,000. ಕಾರ್ಪೆಟ್ಟಿನ 8,000ಕ್ಕೆ ಸೊನ್ನೆ. ಒಟ್ಟು ಕೈಗೆ ಬಂದಿದ್ದು 92,500. ಮೆಷಿನ್ ವಿಷಯ ಬಿಟ್ಟರೆ, ಬರೀ 'ತೋರಿಸಲು ಆಗಲಿಲ್ಲ' ಅನ್ನುವ ಕಾರಣಕ್ಕೆ ನಾವು ಬಿಟ್ಟುಕೊಟ್ಟಿದ್ದು 27,000 ರೂಪಾಯಿ.

ಆಫೀಸಿನಲ್ಲಿ ಸರ್ವರ್ ಒಂದಕ್ಕೆ ಬ್ಯಾಕಪ್ ಇಲ್ಲ ಅಂದರೆ ಕಿರುಚಾಡುವವಳು ನಾನು. ಮನೆಗೆ ಬ್ಯಾಕಪ್ ಇಟ್ಟಿರಲಿಲ್ಲ. ಆ ಭಾನುವಾರವೇ ಪಟ್ಟಿ ಮಾಡಲು ಕುಳಿತೆ.

ಮೊದಲು ಇಡೀ ಮನೆಯ ವಿಡಿಯೋ ಮಾಡಿದೆ. ಇದಕ್ಕೆ ಇಪ್ಪತ್ತು ನಿಮಿಷ ಸಾಕು, ಬೇರೇನೂ ಮಾಡಲು ಪುರುಸೊತ್ತಿಲ್ಲದಿದ್ದರೂ ಇದೊಂದನ್ನು ಮಾಡಿಡಿ. ಪ್ರತಿ ರೂಮಿನ ಬಾಗಿಲಲ್ಲಿ ನಿಂತು ಎಡಗಡೆಯ ಗೋಡೆಯಿಂದ ಶುರುಮಾಡಿ, ಪ್ರದಕ್ಷಿಣೆ ಹಾಕಿದ ಹಾಗೆ ಸುತ್ತಿ ಮತ್ತೆ ಬಾಗಿಲಿಗೆ ಬರುವುದು. ಬೀರು, ಡ್ರಾಯರ್, ಅಡುಗೆಮನೆಯ ಕೆಳಗಿನ ಕಪಾಟು, ಅಟ್ಟ, ಎಲ್ಲವನ್ನೂ ತೆಗೆದು ತೋರಿಸುವುದು. ನಡೆಯುತ್ತಾ ಬಾಯಲ್ಲಿ ಹೇಳುತ್ತಾ ಹೋಗಿ: "ಇದು 2021ರಲ್ಲಿ ತಂದಿದ್ದು, ಇದು ತವರಿನವರು ಕೊಟ್ಟಿದ್ದು" ಅಂತ. ಕಣ್ಣಿಗೆ ಕಾಣುವ ಟಿವಿ, ಫ್ರಿಜ್ಜು ಯಾರಿಗೂ ಮರೆಯುವುದಿಲ್ಲ. ಮುಚ್ಚಿದ ಬಾಗಿಲ ಹಿಂದಿರುವ ಬಟ್ಟೆ, ಪಾತ್ರೆ, ಹೊದಿಕೆಗಳೇ ಸೇರಿ ಸೇರಿ ದೊಡ್ಡ ಮೊತ್ತ ಆಗುತ್ತವೆ. ನಮ್ಮ ಅಡುಗೆಮನೆಯ ಸ್ಟೀಲು, ಹಿತ್ತಾಳೆ, ಕುಕ್ಕರ್‌ಗಳನ್ನು ಮಾತ್ರ ಇವತ್ತಿನ ರೇಟಿನಲ್ಲಿ ಕೂಡಿಸಿದಾಗ ನಮ್ಮ ಟಿವಿಯ ಎರಡರಷ್ಟಾಯಿತು.

ಆಮೇಲೆ ಫೋಟೋ. ಬೆಲೆಬಾಳುವ ಪ್ರತಿ ವಸ್ತುವಿಗೆ ಮೂರು ಬೇಕು ಅಂತ ನಾನು ನಿಯಮ ಮಾಡಿಕೊಂಡೆ. ಮೊದಲನೆಯದು ದೂರದಿಂದ, ಅದು ನಮ್ಮ ಮನೆಯಲ್ಲೇ ಇದೆ ಅಂತ ಗೊತ್ತಾಗುವ ಹಾಗೆ ಹಿಂದಿನ ಗೋಡೆ, ಕಿಟಕಿ ಸೇರಿಸಿ. ಎರಡನೆಯದು ಹತ್ತಿರದಿಂದ. ಮೂರನೆಯದು ಕಂಪನಿಯ ಲೇಬಲ್, ಅಂದರೆ ಮಾಡೆಲ್ ನಂಬರ್ ಮತ್ತು ಸೀರಿಯಲ್ ನಂಬರ್ ಇರುವ ಸ್ಟಿಕ್ಕರ್. ಫ್ರಿಜ್ಜಿನಲ್ಲಿ ಸಾಮಾನ್ಯವಾಗಿ ಒಳಗಿನ ಪಕ್ಕದ ಗೋಡೆಯಲ್ಲೋ ಹಿಂದೆಯೋ ಇರುತ್ತದೆ. ವಾಷಿಂಗ್ ಮೆಷಿನ್‌ನಲ್ಲಿ ಹಿಂಭಾಗದಲ್ಲಿ ಅಥವಾ ಬಾಗಿಲಿನ ಅಂಚಿನಲ್ಲಿ, ಟಿವಿಯಲ್ಲಿ ಬೆನ್ನಿಗೆ. ಕೈ ಹೋಗದ ಕಡೆ ಮೊಬೈಲನ್ನೇ ತೂರಿಸಿ ಕ್ಲಿಕ್ ಮಾಡಿದರೆ ಆಯ್ತು.

ಒಂದು ಮಾತು ಇಲ್ಲಿ ಹೇಳಲೇಬೇಕು, ವೃತ್ತಿಯ ಚಟ. ಫೋಟೋ ತೆಗೆದ ದಿನಾಂಕ ಫೈಲಿನ ಒಳಗೇ ಬರೆದಿರುತ್ತದೆ. ಅದೇ ಫೋಟೋವನ್ನು ವಾಟ್ಸಾಪ್‌ನಲ್ಲಿ ಮಾಮೂಲಿ ಚಿತ್ರವಾಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ, ಆ ದಿನಾಂಕದ ಮಾಹಿತಿಯೂ ಹೋಗಿಬಿಡುತ್ತದೆ, ಸಣ್ಣ ಅಕ್ಷರದ ಸೀರಿಯಲ್ ನಂಬರ್ ಮಸುಕಾಗುತ್ತದೆ. ಹಾಗಾಗಿ 'ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೀನಲ್ಲ, ಅಲ್ಲೇ ಇರುತ್ತೆ' ಅಂತ ನಂಬಬೇಡಿ. ಮೂಲ ಫೋಟೋವನ್ನೇ ಡ್ರೈವ್‌ಗೆ ಹಾಕಿ. ಹೆಸರನ್ನು HALL-03-label.jpg ಅನ್ನುವ ರೀತಿ ಇಟ್ಟರೆ ಪಟ್ಟಿಯ ಸಾಲಿಗೂ ಚಿತ್ರಕ್ಕೂ ತಾಳೆ ಹಾಕುವುದು ಸುಲಭ.

ಇನ್ನು ದಿನಾಂಕ. ಬಿಲ್ ಇದ್ದರೆ ಸಮಸ್ಯೆಯೇ ಇಲ್ಲ, ಆದರೆ ಅಂಗಡಿಗಳಲ್ಲಿ ಕೊಡುವ ನಯವಾದ ಥರ್ಮಲ್ ಕಾಗದದ ಬಿಲ್ ಒಂದೆರಡು ವರ್ಷದಲ್ಲಿ ಬಿಳಿ ಹಾಳೆಯಾಗುತ್ತದೆ. ನಾನು ಜೋಪಾನವಾಗಿ ಪ್ಲಾಸ್ಟಿಕ್ ಕವರಿನಲ್ಲಿಟ್ಟಿದ್ದ ಮಿಕ್ಸಿಯ ಬಿಲ್ ಹಾಗೇ ಆಗಿತ್ತು. ತಂದ ದಿನವೇ ಫೋಟೋ ತೆಗೆಯುವುದೊಂದೇ ದಾರಿ.

ಬಿಲ್ ಇಲ್ಲದ ಹಳೇ ವಸ್ತುಗಳಿಗೆ ಸುಳಿವು ವಸ್ತುವಿನ ಮೈಮೇಲೆಯೇ ಇರುತ್ತದೆ. ಎಷ್ಟೋ ಲೇಬಲ್‌ಗಳಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ. ಅದಕ್ಕಿಂತ ಮುಂಚೆ ನೀವು ಕೊಂಡಿರಲು ಸಾಧ್ಯವಿಲ್ಲ. ಫ್ರಿಜ್ಜು, ಎಸಿಗಳ ಮೇಲಿನ ಸ್ಟಾರ್ ಲೇಬಲ್‌ನಲ್ಲಿ ಆ ರೇಟಿಂಗ್ ಯಾವ ಅವಧಿಯದ್ದು ಅಂತಲೂ ನಮೂದಾಗಿರುತ್ತದೆ. ಆಮೇಲೆ ಮನೆಯ ಫೋಟೋ ಆಲ್ಬಮ್: ಆ ವಸ್ತು ಕಾಣುವ ಅತಿ ಹಳೆಯ ಚಿತ್ರ ಯಾವುದು? ಅದಕ್ಕಿಂತ ಮುಂಚೆ ಅದು ಮನೆಗೆ ಬಂದಿತ್ತು ಅಂತಾಯಿತಲ್ಲ. ನಮ್ಮ ಫ್ರಿಜ್ಜಿನ ಲೇಬಲ್‌ನಲ್ಲಿ 2017ರ ಜನವರಿ, ಫೋಟೋದಲ್ಲಿ ಅದು ಮೊದಲು ಕಂಡಿದ್ದು ಅದೇ ವರ್ಷದ ವರಮಹಾಲಕ್ಷ್ಮಿ ಹಬ್ಬಕ್ಕೆ. ಮಧ್ಯದ ತಿಂಗಳುಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ನೋಡಿದರೆ ಏಪ್ರಿಲ್‌ನಲ್ಲಿ ಅಂಗಡಿಯ ಹೆಸರು ಸಿಕ್ಕಿತು. ಏನೂ ಸಿಗದಿದ್ದರೆ 'ಸುಮಾರು 2012' ಅಂತ ಬರೆಯಿರಿ, ಹೇಗೆ ಗೊತ್ತು ಅನ್ನುವುದನ್ನೂ ಪಕ್ಕದಲ್ಲಿ ಬರೆಯಿರಿ. ಊಹೆಯನ್ನು ಊಹೆ ಅಂತಲೇ ಬರೆದರೆ ಉಳಿದ ಸಾಲುಗಳ ಮೇಲೂ ನಂಬಿಕೆ ಉಳಿಯುತ್ತದೆ. ತಾರೀಖು ಸಮೇತ ಕಲ್ಪಿಸಿ ಬರೆದರೆ ಒಂದು ಕಡೆ ಸಿಕ್ಕಿಬಿದ್ದು ಇಡೀ ಪಟ್ಟಿಯ ಮೇಲೇ ಅನುಮಾನ ಬರುತ್ತದೆ.

ಬೆಲೆಯಲ್ಲಿ ಎಲ್ಲರೂ ಎಡವುತ್ತಾರೆ, ನಾನೂ ಎಡವಿದೆ. ಮೊದಲು ಕೊಂಡ ಬೆಲೆ ಒಂದನ್ನೇ ಬರೆದಿದ್ದೆ. ಆದರೆ ನಮ್ಮ ಪಾಲಿಸಿಯಲ್ಲಿ ಮನೆಯ ಸಾಮಾನಿಗೆ ಲೆಕ್ಕ ಹಿಡಿಯುವುದು ಅದೇ ತರಹದ್ದನ್ನು ಇವತ್ತು ಹೊಸದಾಗಿ ತರಲು ಬೇಕಾಗುವ ಖರ್ಚನ್ನು. ಇದು ಎರಡೂ ಕಡೆಗೆ ಓಡುತ್ತದೆ. ನಮ್ಮ 43 ಇಂಚಿನ ಟಿವಿಗೆ 2018ರಲ್ಲಿ 46,000 ಕೊಟ್ಟಿದ್ದೆವು, ಅಂಥದ್ದೇ ಈಗ 30,000ಕ್ಕೆ ಸಿಗುತ್ತದೆ. ಪಟ್ಟಿಯಲ್ಲಿ ಇರಬೇಕಾದ್ದು 30,000. ಅದೇ ಮಾವ ಬಡಗಿಯಿಂದ ಮಾಡಿಸಿದ ತೇಗದ ಮಂಚಕ್ಕೆ ಡೈರಿಯಲ್ಲಿರುವುದು 9,000. ನಮ್ಮ ಬೀದಿಯ ಬಡಗಿಯನ್ನು ಕೇಳಿದರೆ ಅಂಥ ಮಂಚಕ್ಕೆ ಈಗ 55,000 ಅಂದ. ಪಟ್ಟಿಯಲ್ಲಿ 55,000. ಎಲ್ಲ ಪಾಲಿಸಿಗಳೂ ಹೀಗೇ ಇರುವುದಿಲ್ಲ. ಕೆಲವು ಪಾಲಿಸಿಗಳಲ್ಲಿ ವಸ್ತು ಎಷ್ಟು ವರ್ಷ ಬಳಸಿದ್ದು ಅಂತ ನೋಡಿ ಸವಕಳಿ ಕಳೆಯುತ್ತಾರೆ. ಕೊಂಡ ದಿನಾಂಕದ ಕಾಲಂ ಇರುವುದೇ ಅದಕ್ಕೆ. ಎರಡು ಬೆಲೆ, ಒಂದು ದಿನಾಂಕ ಇದ್ದರೆ ಯಾವ ರೀತಿಯ ಲೆಕ್ಕಕ್ಕೂ ನಿಮ್ಮ ಪಟ್ಟಿ ತಯಾರಿರುತ್ತದೆ.

ಪಟ್ಟಿಗೆ ಮಾಮೂಲಿ ಸ್ಪ್ರೆಡ್‌ಶೀಟ್ ಸಾಕು. ನನ್ನ ಕಾಲಂಗಳು ಇಷ್ಟೇ: ನಂಬರ್, ರೂಮು, ವಸ್ತು, ಮಾಡೆಲ್ ಮತ್ತು ಸೀರಿಯಲ್, ಕೊಂಡ ದಿನಾಂಕ, ಕೊಂಡ ಬೆಲೆ, ಇವತ್ತಿನ ಬೆಲೆ, ಆಧಾರ. ರೂಮಿನ ಹೆಸರನ್ನು ಕನ್ನಡದಲ್ಲೇ ಬರೆದರೂ ಕೂಡಿಸುವ ಸೂತ್ರ ಕೆಲಸ ಮಾಡುತ್ತದೆ:

```
=SUMIF(B:B,"ಅಡುಗೆಮನೆ",G:G)
```

ಚಮಚ, ಲೋಟ ಎಣಿಸಬೇಡಿ, ಹುಚ್ಚು ಹಿಡಿಯುತ್ತೆ. 'ಸ್ಟೀಲ್ ಪಾತ್ರೆ, ಎರಡು ಕಪಾಟು, ಸುಮಾರು 80' ಅಂತ ಒಂದೇ ಸಾಲು, ಜೊತೆಗೆ ಕಪಾಟು ತೆರೆದಿಟ್ಟ ಫೋಟೋ. ಎರಡು ಸಾವಿರ ದಾಟುವ ವಸ್ತುವಿಗೆ ಮಾತ್ರ ಸ್ವಂತ ಸಾಲು ಅಂತ ನಾನು ಗೆರೆ ಎಳೆದುಕೊಂಡೆ.

ಪಟ್ಟಿಯಲ್ಲಿ ಬರಬಾರದ ಕೆಲವೂ ಇವೆ. ಗೋಡೆಗೆ, ನೆಲಕ್ಕೆ ಕಾಯಂ ಆಗಿ ಕೂರಿಸಿದ ಮಾಡ್ಯುಲರ್ ಕಿಚನ್, ಗೋಡೆಗೆ ಸೇರಿಸಿ ಕಟ್ಟಿದ ವಾರ್ಡ್‌ರೋಬ್ ಇವೆಲ್ಲ ಕಟ್ಟಡದ ಲೆಕ್ಕಕ್ಕೆ ಹೋಗುತ್ತವೆ. ಬಾಡಿಗೆ ಮನೆಯಲ್ಲಿದ್ದರೆ ಅವು ಮಾಲೀಕರವು, ನೀವು ನಿಮ್ಮ ಸಾಮಾನಿಗೆ ಮಾತ್ರ ಪಾಲಿಸಿ ಮಾಡಿಸಬಹುದು. ನಮ್ಮ ಆಫೀಸಿನ ಲ್ಯಾಪ್‌ಟಾಪ್‌ಗಳನ್ನೂ ನಾನು ಮೊದಲು ಸೇರಿಸಿಬಿಟ್ಟಿದ್ದೆ. ಅವು ನಮ್ಮವಲ್ಲ, ತೆಗೆದೆ.

ಕೂಡಿಸಿದಾಗ ಎದೆ ಧಸಕ್ಕೆಂದಿತು. ಹಾಲ್ 1,85,000, ಅಡುಗೆಮನೆ 2,30,000, ಅತ್ತೆಯ ರೂಮು 1,60,000, ನಮ್ಮ ರೂಮು 2,45,000, ಮಹಡಿಯ ಕೆಲಸದ ಕೋಣೆ 1,90,000, ಉಳಿದದ್ದು 75,000. ಒಟ್ಟು 10,85,000. ಯಾರಾದರೂ ಬಾಯಲ್ಲಿ ಕೇಳಿದ್ದರೆ 'ಒಂದು ಐದು ಲಕ್ಷ ಇರಬಹುದು' ಅನ್ನುತ್ತಿದ್ದೆ.

ಈಗ ಪಾಲಿಸಿ ತೆಗೆದು ನೋಡಿದೆ. 2021ರ ಏಪ್ರಿಲ್‌ನಿಂದ ಬಂದ ಈ ಭಾರತ್ ಗೃಹ ರಕ್ಷಾದಲ್ಲಿ ಒಂದು ಅನುಕೂಲ ಇದೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ, ಅದರ ಮೊತ್ತದ ಶೇಕಡಾ 20ರಷ್ಟು ಮನೆಯ ಸಾಮಾನಿಗೆ ತಾನಾಗಿಯೇ ಸಿಗುತ್ತದೆ, ಗರಿಷ್ಠ 10 ಲಕ್ಷದವರೆಗೆ. ಪಟ್ಟಿ ಕೊಡುವುದೂ ಬೇಕಿಲ್ಲ. ಹಾಗಾಗಿಯೇ ನಾವು ನಿಶ್ಚಿಂತೆಯಿಂದ ಇದ್ದದ್ದು. ಆದರೆ ಕಟ್ಟಡದ ಮೊತ್ತ ಅಂದರೆ ಸೈಟಿನ ಬೆಲೆ ಸೇರಿಸಿದ ಮನೆಯ ಬೆಲೆ ಅಲ್ಲ, ಮತ್ತೆ ಕಟ್ಟಲು ತಗಲುವ ಖರ್ಚು ಮಾತ್ರ. ನಮ್ಮದು 32 ಲಕ್ಷ. ಅದರ ಶೇಕಡಾ 20 ಅಂದರೆ 6,40,000. ಸಾಮಾನಿರುವುದು 10,85,000ದ್ದು. ಪೈಪಿನ ಬದಲು ಬೆಂಕಿ ಬಿದ್ದು ಎಲ್ಲ ಹೋಗಿದ್ದರೆ ನಾಲ್ಕೂವರೆ ಲಕ್ಷದಷ್ಟು ನಮ್ಮ ತಲೆಯ ಮೇಲೆ ಬರುತ್ತಿತ್ತು.

ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದೀರಿ ಅಂತ ಸಣ್ಣ ನಷ್ಟದಲ್ಲೂ ಅನುಪಾತ ಹಾಕಿ ಕಡಿತ ಮಾಡುವುದು ಈ ಪಾಲಿಸಿಯಲ್ಲಿಲ್ಲ, ಅದು ಪುಣ್ಯ. ಆ ನಿಯಮ ಇರುವ ಪಾಲಿಸಿಗಳಲ್ಲಿ, ಹತ್ತು ಲಕ್ಷದ ಸಾಮಾನಿಗೆ ಐದು ಲಕ್ಷದ ವಿಮೆ ಇದ್ದು ಒಂದು ಲಕ್ಷದ ನಷ್ಟವಾದರೆ ಕೈಗೆ ಬರುವುದು ಅರ್ಧ, ಐವತ್ತು ಸಾವಿರ. ರಿನ್ಯೂಯಲ್ ಸಮಯದಲ್ಲಿ ನಾವು ಪಟ್ಟಿಯನ್ನೇ ಲಗತ್ತಿಸಿ ಸಾಮಾನಿನ ಮೊತ್ತವನ್ನು 11 ಲಕ್ಷಕ್ಕೆ ಏರಿಸಿದೆವು.

ಒಡವೆ, ಬೆಳ್ಳಿ ಈ ಲೆಕ್ಕಕ್ಕೆ ಸೇರುವುದಿಲ್ಲ. ಅವನ್ನು ಬೇರೆಯಾಗಿ ಕೇಳಿ, ಮೊದಲೇ ಒಪ್ಪಿದ ಬೆಲೆಗೆ ಸೇರಿಸಬೇಕು. ಅಂಥವುಗಳ ಒಟ್ಟು ಮೊತ್ತ 5 ಲಕ್ಷದೊಳಗೆ, ಒಂದೊಂದೂ 1 ಲಕ್ಷದೊಳಗೆ ಇದ್ದರೆ ಮೌಲ್ಯಮಾಪಕರ ಸರ್ಟಿಫಿಕೇಟ್ ಬೇಕಿಲ್ಲ, ಮೀರಿದರೆ ಬೇಕು. ಪಟ್ಟಿಯಲ್ಲಿ ಬೆಲೆಗಿಂತ ಮುಖ್ಯವಾಗಿ ಗ್ರಾಂ ಬರೆಯಿರಿ, ಚಿನ್ನದ ರೇಟು ದಿನಾ ಬದಲಾಗುತ್ತೆ, ತೂಕ ಬದಲಾಗಲ್ಲ. ಈಚಿನ ಒಡವೆಗಳಲ್ಲಿ ಹಾಲ್‌ಮಾರ್ಕ್ ಪಕ್ಕದಲ್ಲಿ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇರುತ್ತದೆ, ಭೂತಗನ್ನಡಿ ಹಿಡಿದು ಓದಿ ಅದನ್ನೂ ಬರೆದಿಡಿ. ಮತ್ತೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ: ಈ ಪಾಲಿಸಿಯಲ್ಲಿ ಕಳ್ಳತನಕ್ಕೆ ಪರಿಹಾರ ಇರುವುದು ಬೆಂಕಿ, ಪ್ರವಾಹದಂಥ ಅನಾಹುತ ಆಗಿ ಅದರಿಂದಾಗಿ ಏಳು ದಿನದೊಳಗೆ ಕಳುವಾದರೆ ಮಾತ್ರ. ಬೀಗ ಒಡೆದು ಆಗುವ ಮಾಮೂಲಿ ಕಳ್ಳತನಕ್ಕೆ ಬೇರೆ ಕವರ್ ತೆಗೆದುಕೊಳ್ಳಬೇಕು.

ಪಟ್ಟಿಯನ್ನು ಇಡುವುದೆಲ್ಲಿ? ಮನೆಯ ಕಂಪ್ಯೂಟರಿನಲ್ಲೇ ಇಟ್ಟರೆ ಅದೂ ಮನೆಯ ಜೊತೆಗೇ ನೆನೆಯುತ್ತದೆ. ನಮ್ಮದು ಡ್ರೈವ್‌ನಲ್ಲಿದೆ, ಬೆಂಗಳೂರಿನ ನಾದಿನಿಯ ಖಾತೆಗೆ ಮಾತ್ರ ಹಂಚಿಕೊಂಡಿದ್ದೇನೆ. 'ಲಿಂಕ್ ಇದ್ದವರೆಲ್ಲ ನೋಡಬಹುದು' ಅನ್ನುವ ಆಯ್ಕೆ ಬೇಡವೇ ಬೇಡ. ಯಾವ ರೂಮಿನ ಯಾವ ಕಪಾಟಿನಲ್ಲಿ ಏನಿದೆ ಅಂತ ಫೋಟೋ ಸಮೇತ ಇರುವ ಪುಸ್ತಕ ಕಳ್ಳನಿಗೆ ಸಿಕ್ಕಿದರೆ ಅವನ ಅರ್ಧ ಕೆಲಸ ನಾವೇ ಮುಗಿಸಿಕೊಟ್ಟಂತೆ.

ಅತ್ತೆಗೆ ಮೊದಲು ಇದೆಲ್ಲ ಇಷ್ಟವಾಗಿರಲಿಲ್ಲ. "ಇರೋದನ್ನೆಲ್ಲ ಲೆಕ್ಕ ಹಾಕಬಾರದು ಕಣಮ್ಮಾ, ದೃಷ್ಟಿ ಆಗುತ್ತೆ" ಅಂದಿದ್ದರು. "ಮಾವ ಬರೀತಿದ್ರಲ್ಲ ಅತ್ತೆ" ಅಂದೆ. ಆಮೇಲೆ ಏನೂ ಹೇಳಲಿಲ್ಲ. ಉಳಿದ ಸೀರೆಗಳನ್ನು ಒಂದೊಂದಾಗಿ ತಾವೇ ಮಂಚದ ಮೇಲೆ ಬಿಡಿಸಿ, ಸೆರಗು, ಅಂಚು ಕಾಣುವ ಹಾಗೆ ಹರವಿಕೊಟ್ಟರು. ಯಾವುದು ಯಾವ ವರ್ಷದ್ದು, ಯಾವ ಹಬ್ಬಕ್ಕೆ, ಯಾರ ಮದುವೆಗೆ ಅಂತ ಹೇಳುತ್ತಾ ಹೋದರು, ನಾನು ಆಧಾರದ ಕಾಲಂನಲ್ಲಿ ಹಾಗೇ ಟೈಪ್ ಮಾಡಿದೆ. ಸೀರೆಗಳಿಗೇ ಒಂದು ಮಧ್ಯಾಹ್ನ ಪೂರ್ತಿ ಹೋಯಿತು.

ಹೋದ ವಾರ ಹೊಸ ಮಿಕ್ಸಿ ಬಂತು. ನಾನು ಡಬ್ಬ ಒಡೆಯಲು ಚಾಕು ತಗೊಂಡಿದ್ದೆ. ಅಡುಗೆಮನೆಯಿಂದ ಅತ್ತೆಯ ದನಿ ಬಂತು: "ತಾಳು, ಬಿಲ್ಲಿಂದು ಫೋಟೋ ತೆಗೆದ್ಯಾ?"